ಅಪ್‌ಡೇಟ್: ಹನಿ ನೀರಾವರಿ ನಿಯಂತ್ರಕದಲ್ಲಿ ಅತಿಯಾಗಿ ನೀರು ಹರಿಯುತ್ತಿದ್ದ ಸಮಸ್ಯೆ

ನನ್ನ ಮೂಲ ಪ್ರಶ್ನೆ: "ತೇವಾಂಶ 28% ಮುಟ್ಟಿದೊಡನೆ ವಾಲ್ವ್ ಮುಚ್ಚುವಂತೆ ಬರೆದಿದ್ದರೂ ಮಣ್ಣು 34% ವರೆಗೆ ನೆನೆಯುತ್ತಿದೆ. ಸೆನ್ಸರ್ ಕೆಟ್ಟಿದೆಯೇ?"

ಸೆನ್ಸರ್ ಕೆಟ್ಟಿರಲಿಲ್ಲ. ಅದು 15 ಸೆಂ.ಮೀ. ಆಳದಲ್ಲಿದ್ದುದರಿಂದ, ನೀರು ಅಲ್ಲಿಗೆ ಇಳಿದು ಸೂಚನೆ ಬರುವಷ್ಟರಲ್ಲಿ ಮೇಲಿನ ಪದರದಲ್ಲಿ ಸೇರಿಕೊಂಡಿದ್ದ ನೀರು ವಾಲ್ವ್ ಮುಚ್ಚಿದ ಮೇಲೂ ಕೆಳಗಿಳಿಯುತ್ತಲೇ ಇತ್ತು. ಆದ್ದರಿಂದ ಈಗ ವಾಲ್ವನ್ನು ಸೆನ್ಸರ್ ನೋಡಿ ಮುಚ್ಚುವುದಿಲ್ಲ. ಆಗಿನ ತೇವಾಂಶ `m` ನೋಡಿ ವಾಲ್ವ್ ತೆರೆದಿರಬೇಕಾದ ಅವಧಿ `t` ಅನ್ನು ಮೊದಲೇ ಲೆಕ್ಕಹಾಕಿ, ವಾಲ್ವ್ ಮುಚ್ಚಿ 40 ನಿಮಿಷ ಕಳೆದ ಮೇಲೆ ತೇವಾಂಶ ಎಷ್ಟು ಏರಿತೆಂದು (`rise`) ಅಳೆದು, ನಿಮಿಷಕ್ಕೆ ಎಷ್ಟು ಏರಿತೆಂಬ `k` ಅನ್ನು ತಿದ್ದುತ್ತೇನೆ.

```
t = (28 - m) / k
k = 0.8*k + 0.2*(rise / t)
```

ಮೊದಲ ಸಲ `k` 0.3, ತೇವಾಂಶ 22% ಇದ್ದುದರಿಂದ ವಾಲ್ವ್ 20 ನಿಮಿಷ ತೆರೆದಿತ್ತು. ತೇವಾಂಶ 29% ಆಯಿತು, ಅಂದರೆ ನಿಮಿಷಕ್ಕೆ 0.35 ಏರಿಕೆ, `k` 0.31 ಆಗಿ, ಮತ್ತೆ 22% ಕ್ಕೆ ಇಳಿದಾಗ ಅವಧಿ ಸುಮಾರು 19.4 ನಿಮಿಷಕ್ಕೆ ತಗ್ಗಿತು. ಒಂದೇ ಅಳತೆಯನ್ನು ಪೂರ್ತಿ ನಂಬದಿರಲೆಂದೇ ಹೊಸದಕ್ಕೆ 0.2 ರಷ್ಟು ಮಾತ್ರ ತೂಕ ಕೊಟ್ಟಿದ್ದೇನೆ. ಮಳೆ ಬಂದ ದಿನ `k` ತಿದ್ದುವುದಿಲ್ಲ, ಏಕೆಂದರೆ ಆ ಏರಿಕೆ ವಾಲ್ವಿನದಲ್ಲ.

ನಾನು ಮೊದಲು ಗಮನಿಸದ ಅಪಾಯವೊಂದಿದೆ. ಸೆನ್ಸರ್ ಬಳಿಯ ಡ್ರಿಪ್ಪರ್ ಕಟ್ಟಿಕೊಂಡರೆ ಏರಿಕೆ ಕುಗ್ಗುತ್ತದೆ, ನಿಯಮವು ಅದನ್ನು ಮಣ್ಣಿನ ಗುಣವೆಂದೇ ಕಲಿತು ಅವಧಿಯನ್ನು ಹಿಗ್ಗಿಸುತ್ತಾ ಹೋಗುತ್ತದೆ, ಉಳಿದ ಗಿಡಗಳ ಬುಡದಲ್ಲಿ ನೀರು ನಿಲ್ಲುತ್ತದೆ. ಹೀಗಾಗಿ ಅವಧಿಗೆ 30 ನಿಮಿಷದ ಮಿತಿ ಹಾಕಿದ್ದೇನೆ, `k` 0.15 ಕ್ಕಿಂತ ಇಳಿದರೆ ಕಲಿಕೆ ನಿಂತು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ.