ಅಪ್ಪನ ಕ್ಯಾಸೆಟ್: ಅರ್ಧದಿಂದ ಬರೀ ಗೊಣಗಾಟ, ಯಾರಾದ್ರೂ ಹೇಳಿ ಪ್ಲೀಸ್

ಪಿಯುಸಿ_ಪಾಪು
ಮೂರು ದಿನದಿಂದ ತಲೆ ಕೆಟ್ಟಿದೆ. ಅಟ್ಟ ಕ್ಲೀನ್ ಮಾಡುವಾಗ ಬಿಸ್ಕತ್ ಡಬ್ಬಿಯಲ್ಲಿ ಅಪ್ಪನ 11 ಕ್ಯಾಸೆಟ್ ಸಿಕ್ಕಿದವು. ಅಪ್ಪ ತೀರಿಕೊಂಡು ಎರಡು ವರ್ಷ. ಅವರು ರಾಕ್ ಕೇಳ್ತಿದ್ರು ಅನ್ನೋದೇ ನಂಗೆ ಗೊತ್ತಿರಲಿಲ್ಲ, ಮನೆಯಲ್ಲಿ ಯಾವಾಗಲೂ ದಾಸರ ಪದ ಇರ್ತಿತ್ತು. ಒಂದರ ಮೇಲೆ ಅವರದೇ ಅಕ್ಷರದಲ್ಲಿ ಡೀಪ್ ಪರ್ಪಲ್, ಲೆಡ್ ಜೆಪ್ಪೆಲಿನ್ ಅಂತ ಬರೆದಿದೆ. ಚೆನ್ನಾಗಿ ಬರ್ತಾ ಬರ್ತಾ ಇದ್ದಕ್ಕಿದ್ದಂತೆ ಹಾಳು. ಗುಂಯ್ ಅಂತ ಏನೋ ಬೇರೆ ಭಾಷೆ ಥರ. ಅಮ್ಮ ಹೆದರಿ ಆಫ್ ಮಾಡು ಅಂದ್ರು. ಏನು ಮಾಡಲಿ?

ಬೆಲ್ಟ್‌ಭಟ್ಟ
ಯಾವ ಸೆಟ್ಟು ಅಂತಲೇ ಹೇಳಿಲ್ಲ. ಇರಲಿ, ಬೆಲ್ಟ್ ಹೋಗಿದೆ. ಹಳೇ ಬೆಲ್ಟ್ ಕರಗಿ ಡಾಂಬರಿನ ಥರ ಪುಲ್ಲಿಗೆ ಅಂಟಿಕೊಳ್ಳುತ್ತೆ. ಎಸ್.ಪಿ. ರೋಡಿಗೆ ಹೋಗು, ಹಳೇದನ್ನ ತೋರಿಸಿ ಅಳತೆಗೆ ಸರಿಯಾದದ್ದು ತಗೋ.

ಪಿಯುಸಿ_ಪಾಪು
ಅಪ್ಪನ ಟೂ-ಇನ್-ಒನ್ ಅಣ್ಣ. ಬೇರೆ ಕ್ಯಾಸೆಟ್ ಎಲ್ಲಾ ಚೆನ್ನಾಗಿ ಬರ್ತವೆ.

ಬೆಲ್ಟ್‌ಭಟ್ಟ
ಈಗ ಬರ್ತವೆ. ಬಿಸಿ ಆದ್ಮೇಲೆ ನೋಡು. ಬೆಲ್ಟೇ.

ರಾಕ್‌ರಾಯ
ಬೇರೆ ಭಾಷೆ ಥರ ಅಂದ್ರೆ ಬ್ಯಾಕ್‌ಮಾಸ್ಕಿಂಗ್ ಮಗಾ! ಆ ಕಾಲದ ಬ್ಯಾಂಡ್‌ಗಳು ಉಲ್ಟಾ ಸಂದೇಶ ಸೇರಿಸ್ತಿದ್ರು. ನಾನು 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿದವನು, ಟಿಕೆಟ್ ಇನ್ನೂ ಫ್ರೇಮ್ ಹಾಕಿಸಿ ಇಟ್ಟಿದ್ದೀನಿ. ಮನೇಲಿ ತ್ರೀ-ಹೆಡ್ ಡೆಕ್ಕು, ಫೋಟೋ ಹಾಕ್ಲಾ?

ಟೇಪ್‌ಮಾವ
ಬೇಡ ಗುರು. ಪಾಪು, ಗುಂಯ್ ಅಂದ್ರೆ ಟ್ರೆಬಲ್ ಇಲ್ಲ ಅಂತ ತಾನೇ? ಅದು ಅಜಿಮತ್, ಅಂದ್ರೆ ಟೇಪ್ ಓದೋ ಹೆಡ್ ಸ್ವಲ್ಪ ಓರೆಯಾಗಿದೆ. ಹೆಡ್ ಪಕ್ಕ ಸ್ಪ್ರಿಂಗ್ ಇರೋ ಒಂದು ಸ್ಕ್ರೂ ಇದೆ, ತಿರುಗಿಸಿ ನೋಡು. ಬೇರೆಯವರ ಡೆಕ್ಕಲ್ಲಿ ಕಾಪಿ ಮಾಡಿದ ಟೇಪು ನಮ್ಮ ಹೆಡ್‌ಗೆ ಸರಿಹೊಂದಲ್ಲ.

ಪಿಯುಸಿ_ಪಾಪು
ಎರಡು ಸುತ್ತು ತಿರುಗಿಸಿದೆ. ಈಗ ಎಲ್ಲಾ ಕ್ಯಾಸೆಟ್ಟೂ ಗುಂಯ್ ಅಂತಿವೆ 😭

ಸರ್ಕ್ಯೂಟ್‌ಸುಮಾ
ಅಯ್ಯೋ ಮಾವ, ಮಗು ಕೈಗೆ ಸ್ಕ್ರೂ ಕೊಟ್ರಲ್ಲ! ಆ ಸ್ಕ್ರೂ ಕಾಲು ಸುತ್ತು ಆಡಿದ್ರೇ ಸದ್ದು ಬದಲಾಗುತ್ತೆ, ಎರಡು ಸುತ್ತು ಅಂದ್ರೆ ಮುಗೀತು.

ಪಾಪು, ಅಂಗಡಿಯಿಂದ ತಂದ, ಚೆನ್ನಾಗಿ ಬರ್ತಿದ್ದ ಒಂದು ಕ್ಯಾಸೆಟ್ ಹಾಕು. ಹಾಡ್ತಾ ಇರುವಾಗಲೇ ಸ್ಕ್ರೂವನ್ನ ನಿಧಾನಕ್ಕೆ ಹಿಂದಕ್ಕೆ ತಿರುಗಿಸು. ತಾಳದ ಚಿಣ್ ಚಿಣ್ ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತೋ ಅಲ್ಲಿ ನಿಲ್ಲಿಸು. ದಾಟಿದ್ರೆ ಮತ್ತೆ ಮಂಕಾಗುತ್ತೆ, ವಾಪಸ್ ಬಾ.

ಆಮೇಲೆ ಎರಡು ಪ್ರಶ್ನೆ. ಕೆಟ್ಟದ್ದು ಯಾವಾಗಲೂ ಒಂದೇ ಜಾಗದಿಂದ ಶುರುವಾಗುತ್ತಾ? ಬಿ ಸೈಡ್ ಹೇಗಿದೆ?

ಟೇಪ್‌ಮಾವ
ಹೇಳಿದ್ದು ತಪ್ಪಲ್ಲ, ಅವನು ತಿರುಗಿಸಿದ್ದು ಜಾಸ್ತಿ. ಅಜಿಮತ್ ಮಂಕು ಮಾಡೋದು ನಿಜ ತಾನೇ.

ಸರ್ಕ್ಯೂಟ್‌ಸುಮಾ
ನಿಜ. ಆದ್ರೆ ಅಜಿಮತ್ ಹಾಡಿನ ನಡುವೆ ಇದ್ದಕ್ಕಿದ್ದಂತೆ ಕೆಡಲ್ಲ, ಭಾಷೇನೂ ಬದಲಾಯಿಸಲ್ಲ.

ಪಿಯುಸಿ_ಪಾಪು
ಸ್ಕ್ರೂ ಸರಿ ಹೋಯ್ತು ಅಕ್ಕ, ಮುಕ್ಕಾಲು ಗಂಟೆ ಹಿಡೀತು. ಎ ಸೈಡ್ 31 ನಿಮಿಷ ಸರಿ, ಆಮೇಲೆ ಕೊನೆತನಕ ಗೊಣಗಾಟ. ಬಿ ಸೈಡ್ ಇನ್ನೂ ಹಾಕಿಲ್ಲ. 90 ಅಂತ ಬರೆದಿದೆ.

ಸರ್ಕ್ಯೂಟ್‌ಸುಮಾ
ಹಾಗಿದ್ರೆ ಹಾಕೋ ಮೊದಲೇ ಹೇಳ್ತೀನಿ. ಸೈಡಿಗೆ 45 ನಿಮಿಷ. ಬಿ ಸೈಡ್ ಮೊದಲ 14 ನಿಮಿಷ ಹಾಳು, ಆಮೇಲೆ ಪೂರ್ತಿ ಸರಿ. ನೋಡಿ ಹೇಳು. ಎ ಸೈಡಿನ ಗೊಣಗಾಟವನ್ನ ಕಂಪ್ಯೂಟರ್‌ಗೆ ರೆಕಾರ್ಡ್ ಮಾಡಿ ಉಲ್ಟಾನೂ ಕೇಳು:

```
sox gonagaata.wav ulta.wav reverse
```

ಬೆಲ್ಟ್‌ಭಟ್ಟ
ಬೆಲ್ಟ್ ಒಂದು ಸಲ ನೋಡಿದ್ರೆ ಏನೂ ನಷ್ಟ ಇಲ್ಲ.

ಪಿಯುಸಿ_ಪಾಪು
ಅಕ್ಕ ಹೇಗೆ ಗೊತ್ತಾಯ್ತು??? ಫೋನಲ್ಲಿ ಟೈಮ್ ನೋಡ್ದೆ, 14 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಆಮೇಲೆ ಗಿಟಾರ್ ಜುಮ್ ಅಂತ ಬಂತು. ಉಲ್ಟಾ ಮಾಡಿದ್ರೆ ಇಂಗ್ಲಿಷ್! ಕಂಬಳಿ ಒಳಗಿಂದ ಹಾಡಿದ ಹಾಗೆ, ಆದ್ರೆ ಇಂಗ್ಲಿಷ್.

ರಾಕ್‌ರಾಯ
ಹೇಳಿರಲಿಲ್ವಾ, ಬ್ಯಾಕ್‌ಮಾಸ್ಕಿಂಗ್!

ಸರ್ಕ್ಯೂಟ್‌ಸುಮಾ
ರಾಯರೇ, ಸುಮ್ಮನಿರಿ.

ಪಾಪು, ಎ ಸೈಡ್ ಹಾಡು ಟೇಪಿನ ಒಂದು ಅಂಚಲ್ಲಿರುತ್ತೆ. ಬಿ ಸೈಡಿಂದು ಇನ್ನೊಂದು ಅಂಚಲ್ಲಿ, ಎದುರು ದಿಕ್ಕಲ್ಲಿ. 31ನೇ ನಿಮಿಷದಲ್ಲಿ ನಿನ್ನ ಟೇಪು ಮಗುಚಿಕೊಂಡಿದೆ. ಅಲ್ಲಿಂದ ಮುಂದೆ ಹೆಡ್‌ಗೆ ಸಿಗೋದು ಬಿ ಸೈಡಿನ ಅಂಚು, ಅದೂ ಹಿಂದುಮುಂದಾಗಿ. ಕಂದು ಲೇಪ ಹಿಂದೆ ಹೋಗಿ, ಹೆಡ್ ಪ್ಲಾಸ್ಟಿಕ್ ಮೂಲಕ ಓದ್ತಿದೆ, ಅದಕ್ಕೇ ಕಂಬಳಿ. ಟೇಪ್ ತುಂಡಾಗಿ ಯಾರೋ ಜೋಡಿಸಿದ್ದಾರೆ, ಜೋಡಿಸುವಾಗ ಒಂದು ತುದಿ ತಿರುಗಿದೆ. ನಿಜ ಹೇಳು, ನೀನಾ?

ಪಿಯುಸಿ_ಪಾಪು
ದೇವರಾಣೆ ನಾನಲ್ಲ ಅಕ್ಕ. ಈಗ 31ನೇ ನಿಮಿಷದ ಹತ್ತಿರ ಪೆನ್ಸಿಲ್ ಹಾಕಿ ಸುತ್ತಿ ನೋಡಿದೆ. ಜೇನಿನ ಬಣ್ಣಕ್ಕೆ ತಿರುಗಿರೋ ಸೆಲ್ಲೋಟೇಪ್ ತುಂಡು. ಅಂಟಲ್ಲಿ ಅರ್ಧ ಹೆಬ್ಬೆರಳಿನ ಗುರುತಿದೆ.

ಇನ್ನೊಂದು ವಿಷಯ, ಮುಖ್ಯ ಅಲ್ಲ ಅಂತ ಹೇಳಿರಲಿಲ್ಲ. ಕವರಿನ ಪಟ್ಟಿಯಲ್ಲಿ ಎ ಸೈಡಿನ ಕೊನೇ ಮೂರು, ಬಿ ಸೈಡಿನ ಮೊದಲ ಮೂರು ಹಾಡಿಗೆ ಅಪ್ಪ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದಾರೆ. ಅವರಿಗೆ ಇಷ್ಟವಿಲ್ಲದ ಹಾಡು ಅಂದ್ಕೊಂಡಿದ್ದೆ.

ಟೇಪ್‌ಮಾವ
ಓ.

ಸರ್ಕ್ಯೂಟ್‌ಸುಮಾ
ಜೋಡಿಸಿ ಹಾಕಿ ನೋಡಿದ್ದಾರೆ, ಗೊಣಗಾಟ ಬಂದಿದೆ, ಟೇಪೇ ಹಾಳಾಯ್ತು ಅಂದ್ಕೊಂಡಿದ್ದಾರೆ. ಆಗ ತುಂಬಾ ಜನ ಹಾಗೇ ಅಂದ್ಕೊಳ್ತಿದ್ರು.

ಕ್ಯಾಸೆಟ್ಟಿಗೆ ಐದು ಸ್ಕ್ರೂ ಇದ್ರೆ ಬಿಚ್ಚು. ಇಲ್ದಿದ್ರೆ ಜೋಡಣೆ ಇರೋ ಜಾಗವನ್ನ ಮುಂದಿನ ಕಿಂಡಿಯಿಂದ ಮೆಲ್ಲಗೆ ಎಳ್ಕೋ. ಸೆಲ್ಲೋಟೇಪ್ ಅಂಟಿದ ಭಾಗವನ್ನ ಪೂರ್ತಿ ಕತ್ತರಿಸು, ಅಂಟು ಪಕ್ಕದ ಟೇಪ್ ಪದರಕ್ಕೆ, ಹೆಡ್‌ಗೆ ಎಲ್ಲಾ ಹತ್ತುತ್ತೆ. ಎರಡೂ ತುದಿಯನ್ನ ಒಂದರ ಮೇಲೊಂದಿಟ್ಟು ಓರೆಯಾಗಿ ಒಂದೇ ಸಲ ಕತ್ತರಿಸು. ಹೊಸ ಬ್ಲೇಡ್ ಬೇಕು, ಹೆಡ್‌ಗೆ ತಾಗೋ ಮುಖ ಎರಡರಲ್ಲೂ ಒಂದೇ ಕಡೆ ಇರಬೇಕು. ಆಮೇಲೆ ತುದಿಗೆ ತುದಿ ತಾಗಿಸಿ, ಹಿಂಬದಿಗೆ ಸ್ಪ್ಲೈಸಿಂಗ್ ಟೇಪ್ ಅಂಟಿಸು. ಅಂಚಿಂದ ಒಂದು ಕೂದಲೂ ಹೊರಗೆ ಬರಬಾರದು, ಟೇಪ್ ಅಗಲ ನಾಲ್ಕು ಮಿಲಿಮೀಟರೂ ಇಲ್ಲ. ನನ್ನ ಹತ್ತಿರ ರೋಲ್ ಇದೆ, ಮೆಸೇಜ್ ಹಾಕು, ಸ್ವಲ್ಪ ಕಳಿಸ್ತೀನಿ.

ಪಿಯುಸಿ_ಪಾಪು
ಕತ್ತರಿಸಿದ್ರೆ ಹಾಡು ಹೋಗಲ್ವಾ?

ಸರ್ಕ್ಯೂಟ್‌ಸುಮಾ
ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ಓಡುತ್ತೆ. ಒಂದೂವರೆ ಸೆಂಟಿಮೀಟರ್ ಹೋದ್ರೆ ಸೆಕೆಂಡಿನ ಮೂರನೇ ಒಂದು ಭಾಗ. ಒಂದು ಎಗರು, ಅಷ್ಟೇ.

ಟೇಪ್‌ಮಾವ
ನೈಲ್ ಪಾಲಿಷ್ ಹಚ್ಚಿ ಅಂಟಿಸಿದ್ರೂ ನಡೆಯುತ್ತೆ. ನಾವೆಲ್ಲಾ ಹಾಗೇ ಮಾಡ್ತಿದ್ವಿ.

ಸರ್ಕ್ಯೂಟ್‌ಸುಮಾ
ಮಾಡ್ತಿದ್ರಿ, ಆಮೇಲೆ ನಮ್ಮ ಹತ್ರ ರಿಪೇರಿಗೆ ತರ್ತಿದ್ರಿ.

ರಾಕ್‌ರಾಯ
ನನ್ನ ತ್ರೀ-ಹೆಡ್ ಡೆಕ್ಕಲ್ಲಿ ಟೇಪ್ ಕಟ್ ಆಗಿದ್ದೇ ಇಲ್ಲ. ಫೋಟೋ ಹಾಕಿದ್ದೀನಿ, ಯಾರೂ ನೋಡಲ್ಲ.

ಪಿಯುಸಿ_ಪಾಪು
ಆಯ್ತು ಅಕ್ಕ. ಮೊದಲ ಸಲ ಮತ್ತೆ ಉಲ್ಟಾ ಅಂಟಿಸ್ದೆ, ಬಿಚ್ಚಿ ಮತ್ತೆ ಮಾಡ್ದೆ. 31ನೇ ನಿಮಿಷಕ್ಕೆ ಒಂದು ಟಿಕ್, ಆಮೇಲೆ ಹಾಡು ಹಾಗೇ ಮುಂದುವರೀತು. ಆರೂ ಹಾಡು ಕೇಳಿದೆ. ಒಂದಂತೂ ಏನೂ ಚೆನ್ನಾಗಿಲ್ಲ, ಅದಕ್ಕೆ ಕೆಂಪು ಗೆರೆ ಇರ್ಲಿ. ಸೆಲ್ಲೋಟೇಪ್ ತುಂಡು ತೆಗೆದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೀನಿ. ಕ್ಯಾಸೆಟ್ ಹತ್ರ ಇದ್ರೆ ತೊಂದರೆನಾ?

ಸರ್ಕ್ಯೂಟ್‌ಸುಮಾ
ಸಣ್ಣ ಕವರಲ್ಲಿ ಹಾಕಿಡು. ಅಂಟು ಬೇಸಿಗೆಗೆ ಮತ್ತೆ ಕರಗುತ್ತೆ.

ಪಿಯುಸಿ_ಪಾಪು
ಸರಿ. ಏಳನೇ ಕ್ಯಾಸೆಟ್ ಓಡುವಾಗ ಕೀಂಯ್ ಅಂತ ಕಿರುಚುತ್ತೆ, ಅದಕ್ಕೇನು ಮಾಡೋದು?

ಬೆಲ್ಟ್‌ಭಟ್ಟ
ಬೆಲ್ಟ್.