ಅಪ್‌ಡೇಟ್: ರೈಲಿನ ಕಿಟಕಿ ಗಾಜಿನ ಪ್ರತಿಫಲನ ತೆಗೆಯುವ ಬಗ್ಗೆ

ನನ್ನ ಪ್ರಶ್ನೆ: "ಎ.ಸಿ. ಬೋಗಿಯ ಗಾಜಿನ ಮೂಲಕ ತೆಗೆದ ದೂಧ್‌ಸಾಗರ ಜಲಪಾತದ ಚಿತ್ರಗಳಲ್ಲಿ ನನ್ನ ಬಿಳಿ ಅಂಗಿಯೂ ಬೋಗಿಯ ದೀಪವೂ ಮೂಡಿವೆ. ಅವುಗಳ ಹಿಂದಿರುವ ದೃಶ್ಯ ಮರಳಿ ಸಿಗುತ್ತದೆಯೇ?"

ಅಂಗಿಯ ಹಿಂದಿನದು ಬಹುಮಟ್ಟಿಗೆ ಸಿಕ್ಕಿತು, ದೀಪದ ಹಿಂದಿನದು ಒಂದೇ ಚಿತ್ರದಿಂದ ಸಿಗಲಿಲ್ಲ. ಪ್ರತಿಫಲನವು ಹಿಂದಿನ ದೃಶ್ಯವನ್ನು ಅಳಿಸುವುದಿಲ್ಲ, ಅದರ ಮೇಲೆ ತನ್ನ ಬೆಳಕನ್ನು ಕೂಡಿಸುತ್ತದೆ. ಅಂಗಿ ಕೂಡಿಸಿದ್ದು ಮಂದ ಬೆಳಕಾದ್ದರಿಂದ ಅದರಡಿಯಲ್ಲಿ ಕಾಡಿನ ವಿವರ ಉಳಿದಿತ್ತು. ದೀಪವಾದರೋ ಆ ಭಾಗದ ಪಿಕ್ಸೆಲ್‌ಗಳನ್ನು ಗರಿಷ್ಠ ಮಟ್ಟವಾದ 255ಕ್ಕೆ ಮುಟ್ಟಿಸಿತ್ತು. ಅಲ್ಲಿ ದೀಪದ ಬೆಳಕನ್ನು ಕಳೆದರೂ ಹಿಂದಿನ ದೃಶ್ಯದ ವಿವರವೇನೂ ಉಳಿದಿರುವುದಿಲ್ಲ.

ಅದೃಷ್ಟವಶಾತ್ ನಾನು ಸಾಲಾಗಿ ಏಳು ಚಿತ್ರಗಳನ್ನು ತೆಗೆದಿದ್ದೆ. ರೈಲು ಚಲಿಸಿದಂತೆ ಬೆಟ್ಟ ಸರಿಯುತ್ತದೆ, ಪ್ರತಿಫಲನ ಮಾತ್ರ ಚೌಕಟ್ಟಿನಲ್ಲಿ ಬಹುತೇಕ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಏಳನ್ನೂ ದೂರದ ಬಂಡೆಗೆ ಹೊಂದಿಸಿ ಒಂದರ ಮೇಲೊಂದು ಇಟ್ಟು, ಪ್ರತಿ ಬಿಂದುವಿನಲ್ಲಿ ಮಧ್ಯಾಂಕವನ್ನು, ಅಂದರೆ ಏಳು ಮೌಲ್ಯಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದನ್ನು, ಆರಿಸಿದಾಗ ದೀಪ ಮಾಯವಾಗಿ, ನೀರಿನ ಎಳೆಗಳು ಕಂಡವು. ಒಂದು ಬಿಂದುವು ಅರ್ಧಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಪ್ರತಿಫಲನದಿಂದ ಮುಕ್ತವಾಗಿದ್ದರೆ ಮಾತ್ರ ಈ ವಿಧಾನ ಫಲಿಸುತ್ತದೆ. ಅಂಗಿಯ ಅಗಲವಾದ ಪ್ರತಿಫಲನ ಅಲ್ಲಲ್ಲಿ ಉಳಿದದ್ದು ಇದರಿಂದಲೇ. ಹಳಿಯ ಪಕ್ಕದ ಮರಗಳು ಬೆಟ್ಟಕ್ಕಿಂತ ವೇಗವಾಗಿ ಸರಿಯುವುದರಿಂದ ಹೊಂದಿಕೆಯಾಗದೆ ಕಲಸಿಹೋದವು.

ಒಂದೇ ಚಿತ್ರವನ್ನು ಸ್ವಯಂಚಾಲಿತ ತಂತ್ರಾಂಶಕ್ಕೆ ಕೊಟ್ಟೂ ನೋಡಿದೆ. ದೀಪವಿದ್ದೆಡೆ ಅದು ಸುಂದರವಾದ ಎಲೆಗಳನ್ನು ತುಂಬಿತು, ಆದರೆ ಉಳಿದ ಚಿತ್ರಗಳಲ್ಲಿ ಅದೇ ಜಾಗದಲ್ಲಿ ಬರಿಯ ಬಂಡೆಯಿತ್ತು.