ಪುಸ್ತಕ ಪರಿಚಯದ ವಿಡಿಯೋ: ಲೇಖಕರ ಹೆಸರು, ಪ್ರಕಾರ, ಕಥೆ ಬಿಟ್ಟುಕೊಡದ ವಿವರಣೆ

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ): ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಹತ್ತು ನಿಮಿಷದ ವಿಡಿಯೋ ಮಾಡಿದ್ದೇನೆ. ಯೂಟ್ಯೂಬ್‌ಗೆ ಹಾಕುವಾಗ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಅವರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಯಾವುದು ಹಾಕಲಿ? ‘ವೈಜ್ಞಾನಿಕ ಕಾದಂಬರಿ’ ಅಂತ ಟ್ಯಾಗ್ ಕೊಟ್ಟರೆ ಸರಿಯೇ? ‘ಹಾರುವ ಓತಿ ಕೊನೆಗೆ ಸಿಕ್ಕಿತೋ ಇಲ್ಲವೋ?’ ಅನ್ನುವ ಶೀರ್ಷಿಕೆ ಹೇಗಿದೆ?

ಉತ್ತರ (ಗ್ರಂಥಪಾಲಕಿ, ಪುಸ್ತಕ ಚಾನೆಲ್‌ಗಳಿಗೆ ವಿವರ ಬರೆದುಕೊಡುವವರು): ಹೆಸರಿಗೆ ನಿಮ್ಮ ಕೈಯಲ್ಲಿರುವ ಪ್ರತಿಯೇ ಆಧಾರ. ಮುಖಪುಟ ನೋಡಬೇಡಿ, ಅಲ್ಲಿ ಕಲಾವಿದರು ಅಂದಕ್ಕೆ ತಕ್ಕಂತೆ ಅಕ್ಷರ ಬರೆದಿರುತ್ತಾರೆ. ಒಳಗಿನ ಶೀರ್ಷಿಕೆ ಪುಟ, ಅದರ ಹಿಂದಿನ ಹಕ್ಕುಗಳ ಪುಟ ನೋಡಿ. ನಮ್ಮ ಬಹಳಷ್ಟು ಪ್ರಕಾಶಕರು ಹಕ್ಕುಗಳ ಪುಟದಲ್ಲಿ ಇಂಗ್ಲಿಷಿನಲ್ಲೂ ಒಂದು ಸಾಲು ಮುದ್ರಿಸಿರುತ್ತಾರೆ. ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ Poornachandra Tejaswi ಹಾಕಿ, ಹೆಚ್ಚು ಬಳಕೆಯಲ್ಲಿರುವುದು ಅದೇ. ಶೀರ್ಷಿಕೆಯಲ್ಲೂ ವಿವರಣೆಯಲ್ಲೂ ಅದೊಂದೇ ರೂಪ ಇರಲಿ. Purnachandra, Tejasvi, ‘ಕರ್ವಾಲೋ’, ‘ಪೂಚಂತೇ’ ಇವೆಲ್ಲ ಟ್ಯಾಗ್ ಪೆಟ್ಟಿಗೆಗೆ ಹೋಗಲಿ. ಜನ ತಪ್ಪಾಗಿ ಟೈಪ್ ಮಾಡುವ ಹೆಸರುಗಳ ವಿಷಯದಲ್ಲಿ ಮಾತ್ರ ಟ್ಯಾಗ್‌ನಿಂದ ಏನಾದರೂ ಉಪಯೋಗ ಇದೆ. ಉಳಿದಂತೆ ಅದರ ಪಾತ್ರ ತೀರಾ ಕಡಿಮೆ.

ಕನ್ನಡದ ಹೆಸರನ್ನು ಒಮ್ಮೆ ನೀವೇ ಟೈಪ್ ಮಾಡಿ, ಬೇರೆ ಕಡೆಯಿಂದ ಕಾಪಿ ಮಾಡಬೇಡಿ. ಈ ಎರಡನ್ನು ನೋಡಿ:

```
ಪೂರ್ಣಚಂದ್ರ
ಪೂರ್ಣಚ೦ದ್ರ
```

ಎರಡನೆಯದರಲ್ಲಿ ‘ಚ’ದ ಮುಂದೆ ಇರುವುದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ ಅಂಕಿ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಪದಗಳು. ಹಳೆಯ ಕಡತಗಳಿಂದ, ಹಳೆಯ ಜಾಲತಾಣಗಳಿಂದ ತಂದ ಪಠ್ಯದಲ್ಲಿ ಇದು ಎಷ್ಟೋ ಸಲ ನುಸುಳಿಕೊಂಡಿರುತ್ತದೆ. ಪತ್ತೆ ಹಚ್ಚುವುದು ಸುಲಭ. ವಿವರಣೆ ಇರುವ ಪುಟದಲ್ಲಿ Ctrl+F ಒತ್ತಿ ಹೆಸರನ್ನು ನೀವೇ ಟೈಪ್ ಮಾಡಿ. ಕಣ್ಣೆದುರು ಇರುವ ಹೆಸರು ಸಿಗಲಿಲ್ಲ ಅಂದರೆ ಸೊನ್ನೆ ಸೇರಿಕೊಂಡಿದೆ ಎಂದೇ ಮೊದಲು ಅನುಮಾನಪಡಿ.

ವಿಡಿಯೋ ಎಡಿಟರ್: ನನ್ನ ಪ್ರಕಾರ ಹೆಸರಿನ ಎಲ್ಲ ರೂಪಗಳನ್ನೂ ವಿವರಣೆಯ ಕೊನೆಗೆ ಒಂದೇ ಸಮನೆ ಸುರಿದುಬಿಡಬೇಕು. 5000 ಅಕ್ಷರಕ್ಕೆ ಜಾಗ ಇದೆಯಲ್ಲ, ಬಿಡೋದ್ಯಾಕೆ? ಇನ್ನೊಂದು ಮಾತು, ಶೀರ್ಷಿಕೆಗೆ 100 ಅಕ್ಷರ ಅಂತಾರೆ, ಕನ್ನಡದಲ್ಲಿ ಅದು ಬೇಗ ತುಂಬಿಹೋಗುತ್ತೆ.

ಗ್ರಂಥಪಾಲಕಿ: ಎರಡನೆಯ ಮಾತು ಸರಿ ಸರ್. ‘ಪೂರ್ಣಚಂದ್ರ’ ನಮಗೆ ನಾಲ್ಕು ಅಕ್ಷರ. ಯಂತ್ರ ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಚಿಹ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಹತ್ತು ಅನ್ನುತ್ತದೆ. ಮೊದಲನೆಯದನ್ನು ಮಾತ್ರ ಮಾಡಬೇಡಿ. ವಿವರಣೆಯಲ್ಲಿ ಟ್ಯಾಗ್ ಸುರಿಯುವುದು ಯೂಟ್ಯೂಬ್ ನಿಯಮದ ಪ್ರಕಾರ ಸ್ಪ್ಯಾಮ್, ವಿಡಿಯೋ ತೆಗೆದುಹಾಕಲೂಬಹುದು. ಟ್ಯಾಗ್ ಪೆಟ್ಟಿಗೆಯಲ್ಲೇ 500 ಅಕ್ಷರ ಹಿಡಿಯುತ್ತದೆ, ಒಬ್ಬ ಲೇಖಕರ ಹೆಸರಿಗೆ ಅದು ಧಾರಾಳ.

ಹಳೆ ಪುಸ್ತಕದಂಗಡಿಯವರು: ನಮ್ಮ ಕಷ್ಟ ಬೇರೆ ಮೇಡಂ. ಅಂಗಡಿ ಚಾನೆಲ್‌ನಲ್ಲಿ ಬೀchi ಅವರ ಪುಸ್ತಕಗಳನ್ನು ತೋರಿಸ್ತೀವಿ. ಹುಡುಗರು ಅದನ್ನ ‘ಬೀಚಿ’ ಅಂತ ತಿದ್ದಿಬಿಡ್ತಾರೆ. ಎರಡು ಲಿಪಿ ಬೆರೆತರೆ ಹುಡುಕಾಟದಲ್ಲಿ ಬರೋದಿಲ್ಲ ಅಂತ ಅವರ ವಾದ.

ಗ್ರಂಥಪಾಲಕಿ: ತಿದ್ದಬೇಡಿ ಅಂತ ಹೇಳಿ. ಲೇಖಕರು ತಾವೇ ಇಟ್ಟುಕೊಂಡ ರೂಪ ಅದು, ಶೀರ್ಷಿಕೆಯಲ್ಲಿ ಹಾಗೇ ಇರಬೇಕು. ‘ಬೀಚಿ’, Beechi, Bichi ಟ್ಯಾಗ್‌ನಲ್ಲಿರಲಿ. ಹುಡುಗರ ಆತಂಕಕ್ಕೂ ಕಾರಣ ಇದೆ, ಫೋನಿನಲ್ಲಿ ಯಾರೂ ಕೀಲಿಮಣೆ ಬದಲಾಯಿಸುತ್ತಾ ಕೂರುವುದಿಲ್ಲ. ಅದಕ್ಕೆ ವಿವರಣೆಯ ಮೊದಲ ವಾಕ್ಯದಲ್ಲಿ ‘ಬೀಚಿಯವರ’ ಅಂತ ಸಹಜವಾಗಿ ಒಂದು ಸಲ ಬರುವ ಹಾಗೆ ಬರೆಯಿರಿ.

ಪ್ರಶ್ನೆ ಕೇಳಿದವರು: ಪ್ರಕಾರದ ವಿಷಯ ಹಾಗೇ ಉಳಿಯಿತು ಮೇಡಂ. ಕಥೆಯಲ್ಲಿ ವಿಜ್ಞಾನಿ ಇದ್ದಾರೆ, ಜೀವವಿಕಾಸದ ಮಾತು ಬರುತ್ತದೆ. ಅದಕ್ಕೇ ಹಾಗೆ ಅಂದುಕೊಂಡೆ.

ಗ್ರಂಥಪಾಲಕಿ: ‘ವೈಜ್ಞಾನಿಕ ಕಾದಂಬರಿ’ ಅಂತ ಹುಡುಕುವವರ ಮನಸ್ಸಿನಲ್ಲಿ ಇರುವುದು ಬೇರೆ ಜಗತ್ತು. ರಾಜಶೇಖರ ಭೂಸನೂರಮಠರಂಥವರ ಬರವಣಿಗೆ, ಬಾಹ್ಯಾಕಾಶ, ಮುಂದಿನ ಕಾಲದ ಯಂತ್ರಗಳು. ಅಂಥವರು ಬಂದು ಮೂಡಿಗೆರೆಯ ಜೇನು ಸೊಸೈಟಿ ನೋಡಿ ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಹಾಗಾದರೆ ವಿಡಿಯೋಗೂ ನಷ್ಟ, ಪುಸ್ತಕಕ್ಕೂ ಅನ್ಯಾಯ. ‘ಕಾದಂಬರಿ’ ಮೊದಲಿರಲಿ, ಆಮೇಲೆ ‘ಮಲೆನಾಡು’, ‘ಪರಿಸರ’. ‘ನವ್ಯ’ ಅಂತಲೂ ಹಾಕಬೇಡಿ. ತೇಜಸ್ವಿ 1973ರಲ್ಲೇ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ ನವ್ಯದಿಂದ ದೂರ ಸರಿದದ್ದನ್ನು ಸ್ಪಷ್ಟವಾಗಿ ಬರೆದಿದ್ದಾರೆ, ‘ಕರ್ವಾಲೊ’ ಬಂದದ್ದು 1980ರಲ್ಲಿ.

ಪ್ರಕಾರದ ಹೆಸರೇ ಕಥೆ ಬಿಟ್ಟುಕೊಡುವುದೂ ಉಂಟು. ಸಂಸಾರದ ಕಥೆಯಾಗಿ ಶುರುವಾಗಿ ನಡುವೆ ಕೊಲೆ ನಡೆಯುವ ಪುಸ್ತಕಕ್ಕೆ ‘ಪತ್ತೇದಾರಿ’ ಅಂತ ಟ್ಯಾಗ್ ಕೊಟ್ಟರೆ ಓದುಗ ಮೊದಲ ಪುಟದಿಂದಲೇ ಹೆಣಕ್ಕೆ ಕಾಯುತ್ತಾನೆ.

ಇನ್ನು ಶೀರ್ಷಿಕೆ. ನೀವು ಉತ್ತರ ಹೇಳಿಲ್ಲ, ನಿಜ. ಆದರೆ ಹುಡುಕಾಟ ಯಾವುದಕ್ಕೆ ಅನ್ನುವುದನ್ನೂ, ಕೊನೆಯ ಪುಟದವರೆಗೆ ಪ್ರಶ್ನೆ ಅದೇ ಅನ್ನುವುದನ್ನೂ ಹೇಳಿಬಿಟ್ಟಿರಿ. ‘ಊಹಿಸಲಾಗದ ಅಂತ್ಯ’ ಅನ್ನುವ ಮಾತೂ ಹಾಗೆಯೇ, ಓದುಗ ಊಹಿಸತೊಡಗುತ್ತಾನೆ. ನಾನು ಹಾಕಿಕೊಂಡಿರುವ ಮಿತಿ ಎಂದರೆ, ಪುಸ್ತಕದ ಮೊದಲ ಕೆಲವು ಪುಟಗಳಲ್ಲಿ ಓದುಗನಿಗೆ ಗೊತ್ತಾಗುವುದಷ್ಟೇ ವಿವರಣೆಯಲ್ಲಿ ಬರಬಹುದು. ನಿಮ್ಮದಕ್ಕೆ ಹೀಗೆ ಮಾಡಬಹುದು:

```
ಕರ್ವಾಲೊ – ಪೂರ್ಣಚಂದ್ರ ತೇಜಸ್ವಿ | ಕಾದಂಬರಿ ಪರಿಚಯ | Karvalo, Poornachandra Tejaswi

ಮೂಡಿಗೆರೆಗೆ ಜೇನು ಕೊಳ್ಳಲು ಹೋದ ಕೃಷಿಕನೊಬ್ಬನಿಗೆ ವಿಜ್ಞಾನಿ
ಕರ್ವಾಲೊ, ಹಳ್ಳಿಯ ಮಂದಣ್ಣ ಪರಿಚಯವಾಗುತ್ತಾರೆ. ವಿಜ್ಞಾನಿಗೆ ಮಂದಣ್ಣನಲ್ಲಿ
ಕಂಡದ್ದೇನು? 7:40ರವರೆಗೆ ಕಥೆ ಬಿಟ್ಟುಕೊಟ್ಟಿಲ್ಲ.

0:00 ಪುಸ್ತಕ, ಲೇಖಕರು
2:10 ಮಂದಣ್ಣನ ಪಾತ್ರ
5:00 ಭಾಷೆ, ಹಾಸ್ಯ
7:40 ಓದಿದವರಿಗೆ ಮಾತ್ರ
```

ಶೀರ್ಷಿಕೆ 77 ಅಕ್ಷರ ಆಗಿದೆ. ಫೋನಿನಲ್ಲಿ ಬಾಲ ಕತ್ತರಿಸಿದರೂ ಪುಸ್ತಕ, ಲೇಖಕರ ಹೆಸರು ಮೊದಲೇ ಇರುವುದರಿಂದ ಉಳಿಯುತ್ತವೆ. ಸಮಯಗಳನ್ನು ನಿಮ್ಮ ವಿಡಿಯೋಗೆ ಹೊಂದಿಸಿಕೊಳ್ಳಿ. ಈ ಸಾಲುಗಳಿಂದ ವಿಡಿಯೋದಲ್ಲಿ ಅಧ್ಯಾಯಗಳು ಮೂಡಬೇಕಾದರೆ ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲು ಇರಬೇಕು, ಪ್ರತಿಯೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಈ ಹೆಸರುಗಳು ವಿಡಿಯೋದ ಕೆಳಗಿನ ಪಟ್ಟಿಯ ಮೇಲೆ ಬೆರಳಾಡಿಸಿದರೂ ಕಾಣುತ್ತವೆ. ಶೀರ್ಷಿಕೆಯಲ್ಲಿ ಜೋಪಾನ ಮಾಡಿದ ಗುಟ್ಟನ್ನು ಅಧ್ಯಾಯದ ಹೆಸರಿನಲ್ಲಿ ಬಿಟ್ಟುಕೊಟ್ಟವರನ್ನು ಬಹಳ ನೋಡಿದ್ದೇನೆ.

ಕನ್ನಡ ಮೇಷ್ಟ್ರು: ಪುಸ್ತಕದ ಪುಟಗಳನ್ನು ವಿಡಿಯೋದಲ್ಲಿ ಓದಿ ಹೇಳಲು ಅನುಮತಿ ಬೇಕೇ ಎಂಬುದನ್ನೂ ತಿಳಿಸಿ. ನಾನು ತರಗತಿಗಾಗಿ ಪೂರ್ತಿ ಒಂದು ಅಧ್ಯಾಯ ಓದಿ ಹಾಕಿದ್ದೇನೆ.

ಗ್ರಂಥಪಾಲಕಿ: ಅದು ಬೇರೆಯೇ ವಿಷಯ ಮೇಷ್ಟ್ರೇ, ಹಕ್ಕುದಾರರನ್ನು ಅಥವಾ ಪ್ರಕಾಶಕರನ್ನು ಕೇಳಬೇಕು. ವಿಮರ್ಶೆಯ ನಡುವೆ ನಾಲ್ಕು ಸಾಲು ಉದ್ಧರಿಸುವುದೂ ಪೂರ್ತಿ ಅಧ್ಯಾಯ ಓದಿ ಹಾಕುವುದೂ ಒಂದೇ ಅಲ್ಲ.

ಕನ್ನಡ ಮೇಷ್ಟ್ರು: ಆಗಲಿ, ಕೇಳುತ್ತೇನೆ. ಆದರೆ ಓತಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪುವುದಿಲ್ಲ. ನಲವತ್ತು ವರ್ಷ ದಾಟಿದ ಪುಸ್ತಕ. ‘ಕರ್ವಾಲೊ’ ಎಂದರೆ ಹಾರುವ ಓತಿ ಎಂದು ಓದದವರಿಗೂ ಗೊತ್ತು. ಎಷ್ಟೋ ಜನ ಹೆಸರು ಮರೆತು ‘ತೇಜಸ್ವಿ ಹಾರುವ ಓತಿ’ ಎಂದೇ ಹುಡುಕುತ್ತಾರೆ. ಆ ಪದ ಬಿಟ್ಟರೆ ಅವರಿಗೆ ವಿಡಿಯೋ ಸಿಗುವುದು ಹೇಗೆ?

ಗ್ರಂಥಪಾಲಕಿ: ಹಾಗೆ ಹುಡುಕುವವರಿಗೆ ಟ್ಯಾಗ್‌ನಲ್ಲಿ ಇಡಬಹುದು, ಟ್ಯಾಗ್ ನೋಡುಗರ ಕಣ್ಣಿಗೆ ಬೀಳುವುದಿಲ್ಲ. ಅಷ್ಟರಿಂದಲೇ ಸಿಕ್ಕೀತು ಅಂತ ಮಾತ್ರ ನಾನು ಭರವಸೆ ಕೊಡಲಾರೆ. ಪ್ರತಿ ವರ್ಷ ಹೊಸಬರು ಈ ಪುಸ್ತಕ ಹಿಡಿಯುತ್ತಾರೆ, ನಾನು ಅವರ ಕಡೆ.

ಹಳೆ ಪುಸ್ತಕದಂಗಡಿಯವರು: ನಾನು ಮೇಷ್ಟ್ರ ಕಡೆ. ಅಂಗಡಿಗೆ ಬಂದು ‘ಆ ಓತಿ ಪುಸ್ತಕ ಇದೆಯಾ’ ಅಂತ ಕೇಳೋರು ಇದ್ದಾರೆ.

ಪ್ರಶ್ನೆ ಕೇಳಿದವರು: ಸದ್ಯಕ್ಕೆ ಓತಿಯನ್ನು ಟ್ಯಾಗ್‌ನಲ್ಲಿ ಮಾತ್ರ ಇಟ್ಟು ಹಾಕುತ್ತೇನೆ. ಒಂದು ತಿಂಗಳಾದ ಮೇಲೆ ಯಾವ ಪದ ಹುಡುಕಿ ಜನ ಬಂದರು ಅಂತ ಅಂಕಿಅಂಶದ ಪುಟ ನೋಡಿ ಇಲ್ಲೇ ತಿಳಿಸುತ್ತೇನೆ. Ctrl+F ಒತ್ತಿ ನೋಡಿದೆ ಮೇಡಂ, ನನ್ನ ವಿವರಣೆಯಲ್ಲಿ ‘ಕಾದಂಬರಿ’ ಎರಡು ಕಡೆ ಸಿಗುತ್ತಿಲ್ಲ.

ಗ್ರಂಥಪಾಲಕಿ: ಸೊನ್ನೆಯೇ ಇರಬೇಕು. ಆ ಎರಡು ಸಾಲುಗಳನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿ.